ದಾಖಲೆ ಕೇಳಿದ ಎಚ್‌ಆರ್‌ಗೆ ನಾನು ಬರೆದ ಮೊದಲ ಉತ್ತರ

ಕ್ಯಾಂಪಸ್ ಸೆಲೆಕ್ಷನ್ ಆದ ಮೇಲೆ ಕಂಪನಿಯ ಎಚ್‌ಆರ್ ಮೇಡಂ ಅವರಿಂದ ನನಗೆ ಒಂದು ಮೇಲ್ ಬಂತು. ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ, ಪ್ರಾವಿಷನಲ್ ಡಿಗ್ರಿ ಸರ್ಟಿಫಿಕೇಟ್, ಆಧಾರ್, ಪ್ಯಾನ್, ಫೋಟೋ ಕಳಿಸಿ ಎಂದಿತ್ತು. ಜೊತೆಗೆ ಎರಡು ಪ್ರಶ್ನೆ: ಬೆಂಗಳೂರು, ಹೈದರಾಬಾದ್, ಪುಣೆ ಈ ಮೂರರಲ್ಲಿ ನಿಮ್ಮ ಆದ್ಯತೆ ಯಾವುದು? ಜುಲೈ ಬ್ಯಾಚೋ, ಸೆಪ್ಟೆಂಬರ್ ಬ್ಯಾಚೋ?

ನಾನಾಗ ವಿಟಿಯು ಕಾಲೇಜೊಂದರಲ್ಲಿ ಎಂಟನೇ ಸೆಮಿಸ್ಟರ್‌ನಲ್ಲಿದ್ದೆ. ಪರೀಕ್ಷೆಯೇ ಮುಗಿದಿರಲಿಲ್ಲ. ಅಂದರೆ ಕೇಳಿದ ದಾಖಲೆಗಳಲ್ಲಿ ಎರಡು ನನ್ನ ಬಳಿ ಇರಲು ಸಾಧ್ಯವೇ ಇರಲಿಲ್ಲ: ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಮತ್ತು ಪ್ರಾವಿಷನಲ್ ಸರ್ಟಿಫಿಕೇಟ್. ಇಂಥ ಹೊತ್ತಲ್ಲಿ ಎಲ್ಲವೂ ಕೈಗೆ ಬಂದ ಮೇಲೆ ಉತ್ತರಿಸೋಣ ಎಂದು ಸುಮ್ನೆ ಕೂರುವವರು ಜಾಸ್ತಿ. ಇರುವುದನ್ನು ಮಾತ್ರ ಕಳಿಸಿ, ಇಲ್ಲದ್ದರ ಬಗ್ಗೆ ಏನೂ ಹೇಳದವರೂ ಇದ್ದಾರೆ. ಎರಡರಲ್ಲೂ ಎಚ್‌ಆರ್ ಮತ್ತೆ ಬರೆದು ಕೇಳಬೇಕಾಗುತ್ತದೆ. ನನ್ನ ಮೇಲ್ ಓದಿದವರಿಗೆ ಮರುಪ್ರಶ್ನೆ ಕೇಳುವ ಅಗತ್ಯ ಬರಬಾರದು ಅಂದುಕೊಂಡೇ ನಾನು ಬರೆಯಲು ಕೂತೆ.

ಬರೆಯುವ ಮೊದಲು ಮೇಲ್ ನಿಜವಾದದ್ದೇ ಎಂದು ನೋಡಿದೆ. ಕಳಿಸಿದವರ ವಿಳಾಸದಲ್ಲಿ @ ಆದ ಮೇಲೆ ಕಂಪನಿಯ ಸ್ವಂತ ಡೊಮೇನ್ ಇತ್ತು. ಆದರೂ ನಮ್ಮ ಪ್ಲೇಸ್‌ಮೆಂಟ್ ಆಫೀಸರ್ ಸರ್ ಹತ್ತಿರ ಒಮ್ಮೆ ಖಚಿತ ಮಾಡಿಕೊಂಡೆ. ಆಧಾರ್, ಪ್ಯಾನ್ ಎರಡೂ ಒಟ್ಟಿಗೆ ಹೋಗುವ ಮೇಲ್‌ಗೆ ಇಷ್ಟು ಎಚ್ಚರ ಬೇಕೇ ಬೇಕು. ಠೇವಣಿ ಅಂತ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಕಾಲೇಜಿಗೆ ತಿಳಿಸಬೇಕು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾಗಿ ಬಂದದ್ದು ನನ್ನ ಹೆಸರಿನ ಬಗ್ಗೆ. ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗೆ ಎಲ್ಲಾ ಅಂಕಪಟ್ಟಿಯಲ್ಲೂ ನನ್ನ ಹೆಸರಿನ ಕೊನೆಗೆ ಎರಡು ಇನಿಷಿಯಲ್ ಇವೆ. ಒಂದು ಊರಿನದು, ಇನ್ನೊಂದು ಅಪ್ಪನ ಹೆಸರಿನದು. ಆಧಾರ್‌ನಲ್ಲೂ ಹಾಗೇ ಇದೆ. ಆದರೆ ನಾನು ತುಂಬಿದ ಪ್ಯಾನ್ ಅರ್ಜಿಯಲ್ಲಿ ಕೊನೆಯ ಹೆಸರಿನ ಜಾಗದಲ್ಲಿ ಬರೀ ಇನಿಷಿಯಲ್ ಹಾಕುವಂತಿರಲಿಲ್ಲ, ಬಿಡಿಸಿ ಬರೆಯಬೇಕಿತ್ತು. ಹಾಗಾಗಿ ನನ್ನ ಪ್ಯಾನ್ ಕಾರ್ಡಿನಲ್ಲಿ ಊರು, ಅಪ್ಪ ಇಬ್ಬರೂ ಪೂರ್ತಿಯಾಗಿ ಬಂದಿದ್ದಾರೆ. ನಮ್ಮ ಕಡೆ ಇದು ಎಷ್ಟೋ ಜನರ ಕಥೆ, ಅಲ್ವಾ? ನಮಗೆ ಅದು ಒಂದೇ ಹೆಸರು. ಕಂಪನಿಯ ಪರವಾಗಿ ದಾಖಲೆ ತಾಳೆ ನೋಡುವ ಏಜೆನ್ಸಿಯವರಿಗೆ ಮಾತ್ರ ಎರಡು ಬೇರೆ ಹೆಸರು. ಅವರು ‘ವ್ಯತ್ಯಾಸ ಇದೆ’ ಎಂದು ಗುರುತು ಹಾಕಿದರೆ ಜಾಯ್ನಿಂಗ್ ಹತ್ತಿರ ಬಂದಾಗ ಓಡಾಟ ಶುರುವಾಗುತ್ತದೆ.

ಪ್ಯಾನ್‌ನಲ್ಲಿ ಹೆಸರು ಬದಲಿಸಲು ಓಡಲಿಲ್ಲ. ಅಲ್ಲಿರುವುದು ತಪ್ಪು ಹೆಸರಲ್ಲ, ಬಿಡಿಸಿ ಬರೆದದ್ದು ಅಷ್ಟೇ. ಇಂಥದ್ದಕ್ಕೆ ಸಾಮಾನ್ಯವಾಗಿ ಸಾಕಾಗುವುದು ಒಂದು ಅಫಿಡವಿಟ್: ‘ಈ ಎರಡೂ ಹೆಸರಿನ ವ್ಯಕ್ತಿ ಒಬ್ಬರೇ’ ಎಂದು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮುಂದೆ ಸಹಿ ಮಾಡುವುದು. ಆದರೆ ಒಕ್ಕಣೆ ಹೀಗೇ ಇರಬೇಕು ಎಂದು ಹೇಳುವ ಕಂಪನಿಗಳೂ ಇವೆ. ಆದ್ದರಿಂದ ಮೊದಲು ಕೇಳಿ, ಆಮೇಲೆ ಮಾಡಿಸುವುದು ಮೇಲು ಅನ್ನಿಸಿತು.

ಆಧಾರ್ ವಿಷಯದಲ್ಲಿ ಇನ್ನೊಂದು ಚಿಕ್ಕ ತೊಡಕಿದೆ. ನಾನು ಕಳಿಸಿದ್ದು ಯುಐಡಿಎಐ ತಾಣದಿಂದ ಇಳಿಸಿಕೊಂಡ ಮಾಸ್ಕ್ಡ್ ಆಧಾರ್. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ಆಮೇಲೆ ಹುಟ್ಟಿದ ವರ್ಷ. ಹಾಗೇ ಕಳಿಸಿದರೆ ಅವರಿಗೆ ತೆರೆಯಲು ಆಗುವುದಿಲ್ಲ. ನಾನು ಅದನ್ನು ತೆರೆದು, ಪ್ರಿಂಟ್ ಕೊಟ್ಟು, ಪಿಡಿಎಫ್ ಆಗಿ ಉಳಿಸಿಕೊಂಡೆ. ಆಗ ಪಾಸ್‌ವರ್ಡ್ ಹೋಗುತ್ತದೆ. ಡಿಜಿಟಲ್ ಸಹಿಯೂ ಹೋಗುತ್ತದೆ, ಆದರೆ ಮೊದಲ ಹಂತದ ನಕಲಿಗೆ ಇದು ನಡೆಯುತ್ತದೆ. ಪೂರ್ತಿ ಸಂಖ್ಯೆ ಬೇಕಿದ್ದರೆ ಅವರೇ ಕೇಳುತ್ತಾರೆ.

ಫೈಲ್ ಹೆಸರುಗಳನ್ನು ಯುಎಸ್‌ಎನ್‌ನಿಂದಲೇ, ಅಂದರೆ ವಿಟಿಯು ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆಯಿಂದಲೇ ಶುರು ಮಾಡಿದೆ. ಎಚ್‌ಆರ್ ಬಳಿ ನೂರಾರು ಜನರ `marks.pdf` ಬಂದು ಬಿದ್ದಿರುತ್ತದೆ. ಇಳಿಸಿಕೊಂಡ ಮೇಲೆ ಯಾರದು ಎಂದು ತಿಳಿಯುವುದು ಫೈಲ್ ಹೆಸರಿನಿಂದಲೇ.

```
4XX21CS045_01_SSLC.pdf
4XX21CS045_02_PUC.pdf
4XX21CS045_03_Sem1to7.pdf
4XX21CS045_04_PAN.pdf
4XX21CS045_05_Aadhaar_masked.pdf
4XX21CS045_06_Photo.jpg
```

ಏಳು ಸೆಮಿಸ್ಟರ್‌ನ ಅಂಕಪಟ್ಟಿಗಳನ್ನು ಕ್ರಮವಾಗಿ ಜೋಡಿಸಿ ಒಂದೇ ಪಿಡಿಎಫ್ ಮಾಡಿದೆ. ಪ್ರತಿ ಪುಟವನ್ನೂ ಫೋನಿನಲ್ಲಿ ದೊಡ್ಡದು ಮಾಡಿ, ಯುಎಸ್‌ಎನ್ ಮತ್ತು ಅಂಕಗಳು ಸ್ಪಷ್ಟವಾಗಿ ಓದಲು ಬರುತ್ತವಾ ಎಂದು ನೋಡಿದೆ. ಲ್ಯಾಮಿನೇಟ್ ಮಾಡಿಸಿದ ಎಸ್ಸೆಸ್ಸೆಲ್ಸಿ ಕಾರ್ಡಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಅದನ್ನು ಕಿಟಕಿ ಬೆಳಕಿನಲ್ಲಿ ಮತ್ತೆ ತೆಗೆದೆ.

ಇನ್ನು ಆದ್ಯತೆಗಳು. ‘ಎಲ್ಲಿಗಾದರೂ, ಯಾವಾಗಾದರೂ ಸರಿ’ ಎಂದು ಬರೆದರೆ ಒಳ್ಳೆಯ ಅಭಿಪ್ರಾಯ ಬರುತ್ತದೆ ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಅವರು ಕೇಳಿದ್ದೇ ಆದ್ಯತೆ. ಅವರಿಗೆ ಒಂದು ಕಾಲಂ ತುಂಬಬೇಕಿರುತ್ತದೆ, ಅಷ್ಟಕ್ಕೆ ಉತ್ತರ ಕೊಡಬೇಕು. ಊರು ಕೊನೆಗೆ ಪ್ರಾಜೆಕ್ಟ್ ನೋಡಿ ನಿರ್ಧಾರವಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಹಾಗಾಗಿ ಬೇಡಿಕೆಯ ಧಾಟಿ ಬರದಂತೆ ನೋಡಿಕೊಂಡೆ.

ಬ್ಯಾಚ್ ವಿಷಯ ಸ್ವಲ್ಪ ಸೂಕ್ಷ್ಮ. ಮನಸ್ಸು ಜುಲೈ ಎನ್ನುತ್ತಿತ್ತು. ಆದರೆ ಅಷ್ಟರಲ್ಲಿ ಫಲಿತಾಂಶ ಬರುತ್ತದೆ ಎಂದು ನಾನು ಭರವಸೆ ಕೊಡಲು ಆಗದು. ಅದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಕೆಲವು ಕಂಪನಿಗಳು ಏಳನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ ನೋಡಿ ಸೇರಿಸಿಕೊಂಡು, ಉಳಿದದ್ದಕ್ಕೆ ಸಮಯ ಕೊಡುತ್ತವೆ. ಈ ಕಂಪನಿ ಕೊಡುತ್ತದಾ ಎಂಬುದರ ಮೇಲೆ ನನ್ನ ಉತ್ತರ ನಿಂತಿತ್ತು. ಅದನ್ನೇ ಬರೆದೆ.

ಉತ್ತರವನ್ನು ಹೊಸ ಮೇಲ್ ಆಗಿ ಕಳಿಸದೆ, ಅವರ ಮೇಲ್‌ಗೇ ರಿಪ್ಲೈ ಮಾಡಿದೆ. ಕಾಲೇಜಿನ ಪಟ್ಟಿಯಲ್ಲಿ ಕೊಟ್ಟಿದ್ದ ಇಮೇಲ್ ವಿಳಾಸವನ್ನೇ ಬಳಸಿದೆ. ಮೇಡಂ ಕಳಿಸಿದ ಮೇಲ್‌ನಲ್ಲಿ ಪ್ಲೇಸ್‌ಮೆಂಟ್ ಆಫೀಸರ್ ಸರ್ ಸಿಸಿಯಲ್ಲಿದ್ದರು, ನಾನೂ ಹಾಗೇ ಇಟ್ಟೆ. ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ನಮಸ್ಕಾರ ಮೇಡಂ. ನೀವು ಕೇಳಿದ ದಾಖಲೆಗಳಲ್ಲಿ ಆರು ಫೈಲ್ ಲಗತ್ತಿಸಿದ್ದೇನೆ. ಎಂಟನೇ ಸೆಮಿಸ್ಟರ್ ಅಂಕಪಟ್ಟಿ ಮತ್ತು ಪ್ರಾವಿಷನಲ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ, ಪರೀಕ್ಷೆ ನಡೆಯುತ್ತಿದೆ. ವಿಟಿಯು ಫಲಿತಾಂಶ ಪ್ರಕಟಿಸಿದ ಕೂಡಲೇ ಆನ್‌ಲೈನ್ ಪ್ರತಿ, ಸರ್ಟಿಫಿಕೇಟ್ ಸಿಕ್ಕ ಕೂಡಲೇ ಅದರ ಪ್ರತಿ ಇದೇ ಮೇಲ್‌ನಲ್ಲಿ ಕಳಿಸುತ್ತೇನೆ.

ಒಂದು ವಿಷಯ ಗಮನಕ್ಕೆ: ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ನನ್ನ ಹೆಸರು ಇನಿಷಿಯಲ್ ಸಮೇತ ಇದೆ. ಪ್ಯಾನ್‌ನಲ್ಲಿ ಅದೇ ಇನಿಷಿಯಲ್‌ಗಳನ್ನು ಬಿಡಿಸಿ ಬರೆದಿದೆ. ಇದಕ್ಕೆ ಅಫಿಡವಿಟ್ ಬೇಕಿದ್ದರೆ ನಿಮ್ಮ ನಮೂನೆ ಕಳಿಸಿ, ಮಾಡಿಸಿ ಕೊಡುತ್ತೇನೆ.

ಊರಿನ ಆದ್ಯತೆ: ಬೆಂಗಳೂರು, ಹೈದರಾಬಾದ್, ಪುಣೆ, ಇದೇ ಕ್ರಮದಲ್ಲಿ. ಮೂರರಲ್ಲಿ ಎಲ್ಲಿಗೆ ಹಾಕಿದರೂ ಸೇರುತ್ತೇನೆ. ಬ್ಯಾಚ್: ಏಳನೇ ಸೆಮಿಸ್ಟರ್‌ವರೆಗಿನ ಅಂಕಪಟ್ಟಿಯ ಮೇಲೆ ಸೇರಲು ಅವಕಾಶವಿದ್ದರೆ ಜುಲೈ. ಪ್ರಾವಿಷನಲ್ ಸರ್ಟಿಫಿಕೇಟ್ ಕಡ್ಡಾಯವಾದರೆ ಸೆಪ್ಟೆಂಬರ್.”

ಕೆಳಗೆ ಹೆಸರು, ಯುಎಸ್‌ಎನ್, ಬ್ರಾಂಚ್, ಕಾಲೇಜು, ಫೋನ್ ನಂಬರ್. ಸಂಬಳ, ಬಾಂಡ್, ಲ್ಯಾಪ್‌ಟಾಪ್ ಬಗ್ಗೆ ಕೇಳುವ ಆಸೆ ಇತ್ತು. ಬಾಂಡ್ ಬಗ್ಗೆ ಖಂಡಿತ ಕೇಳಲೇಬೇಕು, ಆದರೆ ಆಫರ್ ಲೆಟರ್ ಕೈಗೆ ಬಂದು, ಷರತ್ತು ಓದಿ, ಸಹಿ ಹಾಕುವ ಮೊದಲು. ಈ ಮೇಲ್‌ನಲ್ಲಿ ಸೇರಿಸಿದ್ದರೆ ಅಫಿಡವಿಟ್ ಪ್ರಶ್ನೆ ಅದರಡಿ ಮುಚ್ಚಿಹೋಗುತ್ತಿತ್ತು.

ಮೇಡಂ ಉತ್ತರ ಚಿಕ್ಕದಾಗಿತ್ತು. ಜುಲೈ ಬ್ಯಾಚ್‌ಗೆ ಏಳು ಸೆಮಿಸ್ಟರ್ ಸಾಕು, ಪ್ರಾವಿಷನಲ್ ಸರ್ಟಿಫಿಕೇಟ್ ಆಮೇಲೆ ಕೊಡಬಹುದು, ಅದಕ್ಕೊಂದು ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಊರು ಯಾವುದೆಂದು ಜಾಯ್ನಿಂಗ್‌ಗೆ ಮುಂಚೆ ತಿಳಿಸುತ್ತೇವೆ. ಜೊತೆಗೆ ಅಫಿಡವಿಟ್‌ನ ನಮೂನೆ ಲಗತ್ತಿಸಿದ್ದರು. ಅದರಲ್ಲಿ ಎರಡೂ ಹೆಸರಿನ ಪಕ್ಕ ಅದು ಯಾವ ದಾಖಲೆಯಲ್ಲಿದೆ ಎಂದು ಬರೆಯಲು ಜಾಗವಿತ್ತು. ಅದನ್ನೇ ಪ್ರಿಂಟ್ ಹಾಕಿಕೊಂಡು ನೋಟರಿ ಬಳಿ ಹೋದೆ.