ಸುನ್ನಿ–ಶಿಯಾ ಪಾಠ: ಒಂದು ಪ್ಯಾರಾ ತಿದ್ದಿದ ಕಥೆ

ಹೈಸ್ಕೂಲ್ ಮಕ್ಕಳಿಗೆ ಧರ್ಮಗಳ ಪರಿಚಯ ಮಾಡಿಕೊಡುವ ಒಂದು ಪಠ್ಯಕ್ರಮದಲ್ಲಿ ಇಸ್ಲಾಂ ಭಾಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸುನ್ನಿ ಮತ್ತು ಶಿಯಾ ನಂಬಿಕೆಗಳ ವ್ಯತ್ಯಾಸಕ್ಕೆ ಎರಡೇ ಪುಟ ಕೊಟ್ಟಿದ್ದರು. ಅದರಲ್ಲಿ ನಮಾಜು, ಹಬ್ಬ, ಪವಿತ್ರ ಸ್ಥಳಗಳ ಭಾಗ ಬೇಗ ಮುಗಿಯಿತು. ನಮ್ಮೆಲ್ಲರ ತಲೆ ತಿಂದದ್ದು ಒಂದೇ ಪ್ಯಾರಾ. ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ಮೇಲೆ ಏನಾಯಿತು ಅಂತ ಹೇಳುವ ಪ್ಯಾರಾ. ಉಳಿದ ವ್ಯತ್ಯಾಸಗಳೆಲ್ಲ ಬೆಳೆದದ್ದು ಇದರಿಂದಲೇ. ಹಾಗಾಗಿ ಇಲ್ಲಿ ವಾಲಿದರೆ ಮುಂದೆ ಎಷ್ಟೇ ಸಮತೋಲನ ಮಾಡಿದರೂ ಪಾಠ ವಾಲಿಯೇ ಇರುತ್ತದೆ.

ನನ್ನ ಕೈಗೆ ಬಂದ ಹಳೆಯ ಪಾಠದಲ್ಲಿ ಹೀಗಿತ್ತು: "ಪ್ರವಾದಿಯವರು ಉತ್ತರಾಧಿಕಾರಿಯನ್ನು ಹೆಸರಿಸದೆ ನಿಧನರಾದರು. ಮುಸ್ಲಿಮರು ಅಬೂಬಕರ್ ಅವರನ್ನು ಖಲೀಫರನ್ನಾಗಿ ಆರಿಸಿದರು. ಇದನ್ನು ಒಪ್ಪದ ಅಲಿಯವರ ಬೆಂಬಲಿಗರು ಬೇರೆಯಾದರು. ಅವರೇ ಶಿಯಾಗಳು."

ಓದಿದರೆ ತಪ್ಪೇನೂ ಕಾಣುವುದಿಲ್ಲ, ಅಲ್ವಾ? ಯಾರನ್ನೂ ಬೈದಿಲ್ಲ, ಯಾರನ್ನೂ ಹೊಗಳಿಲ್ಲ. ಆದರೆ ನಾಲ್ಕು ವಾಕ್ಯಗಳಲ್ಲೂ ಒಂದೇ ಕಡೆಯ ಮಾತಿದೆ. "ಹೆಸರಿಸದೆ" ಅನ್ನುವುದು ಸುನ್ನಿಗಳ ನಂಬಿಕೆ. ಹೆಸರಿಸಿದ್ದರು ಅನ್ನುವುದೇ ಶಿಯಾಗಳ ಮೂಲ ನಂಬಿಕೆ. ಪಾಠ ಮೊದಲ ವಾಕ್ಯದಲ್ಲೇ ತೀರ್ಪು ಕೊಟ್ಟುಬಿಟ್ಟಿದೆ. "ಮುಸ್ಲಿಮರು ಆರಿಸಿದರು" ಅಂದರೆ ಒಪ್ಪದವರು ಮುಸ್ಲಿಮರಲ್ಲವೇನೋ ಅನ್ನಿಸುತ್ತದೆ. "ಬೇರೆಯಾದರು" ಅನ್ನುವಾಗ ಮೊದಲು ಒಂದು ಮುಖ್ಯ ಮನೆ ಇತ್ತು, ಒಬ್ಬರು ಅದನ್ನು ಬಿಟ್ಟು ಹೋದರು ಅನ್ನುವ ಚಿತ್ರ ಬರುತ್ತದೆ. ಇನ್ನು ಕೊನೆಯ ವಾಕ್ಯ ಇತಿಹಾಸದ ಲೆಕ್ಕದಲ್ಲೇ ನಿಲ್ಲುವುದಿಲ್ಲ. 632ರಲ್ಲಿ ಈಗಿನ ಅರ್ಥದ ಸುನ್ನಿಗಳೂ ಇರಲಿಲ್ಲ, ಶಿಯಾಗಳೂ ಇರಲಿಲ್ಲ. ಎರಡೂ ಪಂಥಗಳ ಸಿದ್ಧಾಂತ, ಕಾನೂನು, ಪ್ರವಾದಿಯವರ ನಡೆ-ನುಡಿಗಳ ವರದಿಗಳಾದ ಹದೀಸ್‌ಗಳ ಸಂಗ್ರಹಗಳು ರೂಪುಗೊಳ್ಳಲು ಮುಂದೆ ಶತಮಾನಗಳೇ ಬೇಕಾದವು.

ನಾನು ಮಾಡಿದ ಮೊದಲ ಕೆಲಸ ಸರಳ. ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಇದನ್ನು ಯಾರು ಒಪ್ಪುತ್ತಾರೆ?" ಅಂತ ಬರೆದೆ. ಇಬ್ಬರೂ ಒಪ್ಪುವ ವಾಕ್ಯವನ್ನು ಪಾಠವೇ ನೇರವಾಗಿ ಹೇಳಬಹುದು. ಒಬ್ಬರು ಮಾತ್ರ ಒಪ್ಪುವುದಾದರೆ ಅದು ಯಾರ ನಂಬಿಕೆ ಅಂತ ವಾಕ್ಯದ ಒಳಗೇ ಇರಬೇಕು. ಹೀಗೆ ಸೋಸಿದಾಗ ಇಬ್ಬರೂ ಒಪ್ಪುವ ಸಂಗತಿ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿತು. ಪ್ರವಾದಿಯವರು ಮದೀನಾದಲ್ಲಿ ತೀರಿಕೊಂಡರು. ಸಕೀಫಾ ಎಂಬಲ್ಲಿ ಅವರ ಕೆಲವು ಸಂಗಡಿಗರು ಸಭೆ ಸೇರಿ ಅಬೂಬಕರ್ ಅವರ ನಾಯಕತ್ವವನ್ನು ಒಪ್ಪಿಕೊಂಡರು. ಅಲಿಯವರು ಆ ಸಭೆಯಲ್ಲಿ ಇರಲಿಲ್ಲ, ಪ್ರವಾದಿಯವರ ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿದ್ದರು. ಅಲಿಯವರು ಪ್ರವಾದಿಯವರ ದೊಡ್ಡಪ್ಪನ ಮಗ, ಮಗಳು ಫಾತಿಮಾ ಅವರ ಗಂಡ. 656ರಿಂದ 661ರವರೆಗೆ ಅವರೂ ಖಲೀಫರಾಗಿದ್ದರು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಶುರುವಾದದ್ದು ಘದೀರ್ ಖುಮ್ ಹತ್ತಿರ. 632ರ ಮಾರ್ಚ್‌ನಲ್ಲಿ, ಕೊನೆಯ ಹಜ್ ಮುಗಿಸಿ ಮದೀನಾಕ್ಕೆ ಹಿಂದಿರುಗುವಾಗ, ಪ್ರವಾದಿಯವರು ಈ ಜಾಗದಲ್ಲಿ ಜನರನ್ನು ನಿಲ್ಲಿಸಿ ಮಾತಾಡಿದರು. "ನಾನು ಯಾರಿಗೆ ಮೌಲಾ ಆಗಿದ್ದೇನೋ, ಅವರಿಗೆ ಅಲಿಯೂ ಮೌಲಾ" ಅಂದರು. ಹಳೆಯ ಪಾಠದಲ್ಲಿ ಇದರ ಸುದ್ದಿಯೇ ಇರಲಿಲ್ಲ. ನಾನು ಸೇರಿಸಿದೆ. ಕರಡನ್ನು ಒಬ್ಬ ಸುನ್ನಿ ವಿದ್ವಾಂಸರಿಗೂ ಒಬ್ಬ ಶಿಯಾ ವಿದ್ವಾಂಸರಿಗೂ ಬೇರೆ ಬೇರೆಯಾಗಿ ಕಳಿಸಿದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಲಿಲ್ಲ. ಒಟ್ಟಿಗೆ ಕೂತರೆ ಒಬ್ಬರಿಗೊಬ್ಬರು ಮರ್ಯಾದೆಗೆ ಬಿಟ್ಟುಕೊಡುತ್ತಾರೆ, ಇಲ್ಲವೇ ಹಳೆಯ ವಾದ ಮತ್ತೆ ಶುರುವಾಗುತ್ತದೆ. ಎರಡರಿಂದಲೂ ವಾಕ್ಯ ಚೆನ್ನಾಗುವುದಿಲ್ಲ.

ಸುನ್ನಿ ವಿದ್ವಾಂಸರು ಫೋನ್ ಮಾಡಿದರು. "ಮೇಷ್ಟ್ರೇ, ಇದನ್ನು ಹಾಕಿದರೆ ಮಕ್ಕಳು ಶಿಯಾಗಳು ಹೇಳಿದ್ದೇ ಸರಿ ಅಂದುಕೊಳ್ಳಲ್ವಾ?" ಅಂದರು. "ಘಟನೆ ನಡೆದದ್ದು ಸುಳ್ಳಾ ಸಾಹೇಬರೇ?" ಅಂತ ಕೇಳಿದೆ. "ಸುಳ್ಳಲ್ಲ. ತಿರ್ಮಿಝಿಯಲ್ಲೂ ಇದೆ, ಇಮಾಮ್ ಅಹ್ಮದರ ಮುಸ್ನದ್‌ನಲ್ಲೂ ಇದೆ. ಆದರೆ ಅದರ ಅರ್ಥ ಅವರು ಹೇಳುವುದಲ್ಲ" ಅಂದರು. ಸುನ್ನಿಗಳ ಹದೀಸ್ ಸಂಗ್ರಹಗಳಲ್ಲೇ ಇರುವ ಘಟನೆ ಅಂದ ಮೇಲೆ ಅದು ಇಬ್ಬರೂ ಒಪ್ಪುವ ಭಾಗಕ್ಕೆ ಸೇರಿತು. ಅರ್ಥ ಮಾತ್ರ ಇಬ್ಬರ ಹೆಸರಿನಲ್ಲಿ ಬೇರೆ ಬೇರೆ ಬರಬೇಕು.

ಆ ಅರ್ಥವನ್ನು ಅವರು ವಿವರವಾಗಿ ಹೇಳಿದರು. ಅಲಿಯವರ ಜೊತೆ ಯಮನ್‌ಗೆ ಹೋಗಿದ್ದ ತಂಡದ ಕೆಲವರಿಗೆ ಅವರ ಮೇಲೆ ಅಸಮಾಧಾನ ಇತ್ತು. ಅದನ್ನು ತಣಿಸಲು, ಅಲಿಯವರನ್ನು ಪ್ರೀತಿಸಿ, ಅವರ ಜೊತೆ ನಿಲ್ಲಿ ಅಂತ ಪ್ರವಾದಿಯವರು ಹೇಳಿದರು ಅನ್ನುವುದು ಸುನ್ನಿಗಳ ತಿಳಿವಳಿಕೆ. ತನ್ನ ನಂತರ ಸಮುದಾಯವನ್ನು ನಡೆಸುವವರು ಅಲಿಯವರೇ ಅಂತ ಅಲ್ಲಿ ಎಲ್ಲರೆದುರು ಸಾರಿದರು ಅನ್ನುವುದು ಶಿಯಾಗಳ ತಿಳಿವಳಿಕೆ. ಹಾಗಾಗಿ "ಮೌಲಾ" ಎಂಬುದನ್ನು ಹಾಗೇ ಉಳಿಸಿದೆವು. ಒಡೆಯ ಅಂದರೂ ಗೆಳೆಯ ಅಂದರೂ ನಾವೇ ಒಂದು ಕಡೆ ನಿಂತಂತೆ.

ಅದೇ ಸುನ್ನಿ ವಿದ್ವಾಂಸರು ಇನ್ನೊಂದು ಮಾತು ಹೇಳಿದ್ದರು, ಅದು ನನಗೆ ತುಂಬ ಬೆಲೆಯುಳ್ಳದ್ದು ಅನ್ನಿಸಿತು. ಪಾಠ ಓದಿದ ಮಗುವಿಗೆ ಸುನ್ನಿಗಳು ಅಲಿಯವರ ವಿರೋಧಿಗಳು ಅನ್ನುವ ಭಾವನೆ ಬರಬಾರದು ಅಂತ. ಸುನ್ನಿಗಳಿಗೆ ಅವರು ನಾಲ್ಕನೆಯ ಖಲೀಫರು, ಸರಿದಾರಿಯಲ್ಲಿ ನಡೆದ ನಾಲ್ವರು ಖಲೀಫರಲ್ಲಿ ಒಬ್ಬರು. ಇದನ್ನು ಬಿಟ್ಟರೆ ಪಾಠ "ಅಬೂಬಕರ್ ಕಡೆಯವರು, ಅಲಿ ಕಡೆಯವರು" ಅನ್ನುವ ಚುನಾವಣೆ ಥರ ಆಗಿಬಿಡುತ್ತದೆ.

ಶಿಯಾ ವಿದ್ವಾಂಸರ ಆಕ್ಷೇಪ ಕ್ರಿಯಾಪದಗಳ ಮೇಲೆ. ನನ್ನ ಜೊತೆ ಬರೆಯುತ್ತಿದ್ದವರ ಕರಡಿನಲ್ಲಿ ಸುನ್ನಿಗಳು "ನಂಬುತ್ತಾರೆ", ಶಿಯಾಗಳು "ವಾದಿಸುತ್ತಾರೆ". ಒಬ್ಬರದು ನಂಬಿಕೆ, ಇನ್ನೊಬ್ಬರದು ತಗಾದೆ ಅನ್ನುವ ಹಾಗೆ. ಎರಡಕ್ಕೂ "ನಂಬುತ್ತಾರೆ" ಎಂದೇ ಹಾಕಿದೆವು. ಎರಡು ವಾಕ್ಯಗಳ ನಡುವೆ ಇದ್ದ "ಆದರೆ" ತೆಗೆದೆವು. "ಆದರೆ" ನಂತರ ಬರುವುದು ಯಾವಾಗಲೂ ಆಕ್ಷೇಪದ ಥರ ಕೇಳಿಸುತ್ತದೆ.

ಕೊನೆಗೆ ಅಚ್ಚಿಗೆ ಹೋದ ಭಾಗ ಇದು: "ಪ್ರವಾದಿಯವರು ಯಾರನ್ನೂ ಸ್ಪಷ್ಟವಾಗಿ ನೇಮಿಸಿರಲಿಲ್ಲ, ಅವರ ಸಂಗಡಿಗರು ಅಬೂಬಕರ್ ಅವರನ್ನು ಆರಿಸಿದ್ದು ಸರಿ ಎಂದು ಸುನ್ನಿಗಳು ನಂಬುತ್ತಾರೆ. ಪ್ರವಾದಿಯವರು ಅಲಿಯವರನ್ನು ನೇಮಿಸಿದ್ದರು, ನಾಯಕತ್ವ ಅವರಿಗೂ ಅವರ ವಂಶದ ಇಮಾಮರಿಗೂ ಸೇರಿದ್ದು ಎಂದು ಶಿಯಾಗಳು ನಂಬುತ್ತಾರೆ. ಈ ಎರಡು ನಿಲುವುಗಳ ಸುತ್ತ ಮುಂದಿನ ಶತಮಾನಗಳಲ್ಲಿ ಎರಡು ಪಂಥಗಳು ರೂಪುಗೊಂಡವು." ಬೇರೆಯಾದವರು ಯಾರೂ ಇಲ್ಲ. ಎರಡೂ ರೂಪುಗೊಂಡವು, ಅಷ್ಟೇ.

ಕನ್ನಡದಲ್ಲಿ ಬರೆಯುವವರಿಗೆ ಇರುವ ಒಂದು ಕಷ್ಟವನ್ನೂ ಹೇಳಬೇಕು. ನಮಗೆ "ಅವನು" ಅಥವಾ "ಅವರು", ಎರಡರಲ್ಲಿ ಒಂದು ಬೇಕೇ ಬೇಕು. ಅಬೂಬಕರ್, ಉಮರ್, ಉಸ್ಮಾನ್, ಅಲಿ, ಆಯಿಶಾ, ಹಸನ್, ಹುಸೇನ್ ಎಲ್ಲರಿಗೂ ಬಹುವಚನ ಹಾಕಿದೆವು. ಹಜರತ್, ಇಮಾಮ್ ಮುಂತಾದ ಗೌರವದ ಪದಗಳನ್ನು ಯಾರ ಹೆಸರಿಗೂ ಸೇರಿಸಲಿಲ್ಲ, ಯಾಕೆಂದರೆ ಅವನ್ನು ಹಂಚುವುದರಲ್ಲೇ ಪಕ್ಷ ಗೊತ್ತಾಗಿಬಿಡುತ್ತದೆ. ಅಲಿಯವರ ಜೊತೆ ಯುದ್ಧ ಮಾಡಿ ಮುಂದೆ ಖಲೀಫರಾದ ಮುಆವಿಯಾ ವಿಷಯದಲ್ಲಿ ಎಳೆದಾಟ ಆಯಿತು. ಸುನ್ನಿಗಳಿಗೆ ಅವರು ಪ್ರವಾದಿಯವರ ಸಂಗಡಿಗರು, ಶಿಯಾಗಳು ಅವರನ್ನು ಗೌರವಿಸುವುದಿಲ್ಲ. ಬಹುವಚನವೇ ಉಳಿಯಿತು. ಶಿಯಾ ವಿದ್ವಾಂಸರು ನಕ್ಕು, "ವ್ಯಾಕರಣದ ಗೌರವ ತಾನೇ, ಇರಲಿ" ಅಂದರು. ಕರ್ಬಲಾ ಭಾಗದಲ್ಲಿ ಮುಆವಿಯಾ ಅವರ ಮಗ ಯಜೀದನಿಗೆ ಮಾತ್ರ ಏಕವಚನ ಬಂದಿದೆ, ಇತಿಹಾಸದ ಪಾಠಗಳಲ್ಲಿ ರಾಜರಿಗೆ ಬರುವ ಹಾಗೆ. ಅದಕ್ಕೆ ಇಬ್ಬರೂ ತಕರಾರು ಮಾಡಲಿಲ್ಲ. 680ರಲ್ಲಿ ಕರ್ಬಲಾದಲ್ಲಿ ಯಜೀದನ ಸೈನ್ಯದಿಂದ ಅಲಿಯವರ ಮಗ ಹುಸೇನರು ಕೊಲ್ಲಲ್ಪಟ್ಟದ್ದು ಸುನ್ನಿಗಳಿಗೂ ನೋವಿನ ಸಂಗತಿಯೇ. ಅದನ್ನು ಶಿಯಾಗಳ ದುಃಖ ಅಂತ ಮಾತ್ರ ಬರೆದರೆ ತಪ್ಪಾಗುತ್ತದೆ.

ಎರಡನೆಯ ಪುಟದಲ್ಲಿ ನಂಬಿಕೆಗಳ ಕೋಷ್ಟಕ ಇತ್ತು. ಎಡಗಡೆ ಸುನ್ನಿಗಳ ಆರು ನಂಬಿಕೆಗಳು: ಅಲ್ಲಾಹ್, ದೇವದೂತರು, ಗ್ರಂಥಗಳು, ಪ್ರವಾದಿಗಳು, ಅಂತಿಮ ದಿನ, ವಿಧಿ. ಬಲಗಡೆ ಶಿಯಾಗಳ ಕಾಲಂನಲ್ಲಿ ರೈಟ್ ಮಾರ್ಕ್, ಇಂಟು ಮಾರ್ಕ್. ದೇವದೂತರ ಮುಂದೆ ಇಂಟು ಬಿದ್ದಿತ್ತು! ಶಿಯಾಗಳು ದೇವದೂತರನ್ನು ನಂಬುವುದಿಲ್ಲ ಅಂತಲ್ಲ. ಅವರು ಎಣಿಸುವ ಐದು ಮೂಲಗಳ ಪಟ್ಟಿಯೇ ಬೇರೆ: ದೇವರ ಏಕತೆ, ದೇವರ ನ್ಯಾಯ, ಪ್ರವಾದಿತ್ವ, ಇಮಾಮರ ನಾಯಕತ್ವವಾದ ಇಮಾಮತ್, ಪುನರುತ್ಥಾನ. ಹಾಗೆಯೇ ದೇವರು ನ್ಯಾಯವಂತ ಅಂತ ಸುನ್ನಿಗಳೂ ನಂಬುತ್ತಾರೆ, ಪ್ರತ್ಯೇಕವಾಗಿ ಎಣಿಸುವುದಿಲ್ಲ, ಅಷ್ಟೇ. ಒಬ್ಬರ ಅಳತೆಗೋಲಿನಿಂದ ಇನ್ನೊಬ್ಬರನ್ನು ಅಳೆದರೆ ಹೀಗಾಗುತ್ತದೆ. ಕೋಷ್ಟಕ ಕಿತ್ತುಹಾಕಿ ಎರಡು ಪಟ್ಟಿಗಳನ್ನು ಬೇರೆ ಬೇರೆ ಕೊಟ್ಟೆವು. ಕೆಳಗೆ ಒಂದು ಸಾಲು ಸೇರಿಸಿದೆವು: ಪಟ್ಟಿಯಲ್ಲಿ ಇಲ್ಲದ್ದನ್ನು ನಂಬುವುದಿಲ್ಲ ಎಂದರ್ಥವಲ್ಲ, ನಿಜವಾದ ದೊಡ್ಡ ವ್ಯತ್ಯಾಸ ಇಮಾಮತ್. ಈ ಐದರ ಪಟ್ಟಿ ಹನ್ನೆರಡು ಇಮಾಮರನ್ನು ನಂಬುವ ಶಿಯಾಗಳದ್ದು ಅಂತಲೂ ಬರೆದೆವು. ಇಸ್ಮಾಯಿಲಿಗಳು, ಝೈದಿಗಳು ಕೂಡ ಶಿಯಾಗಳೇ, ಅವರ ಲೆಕ್ಕ ಬೇರೆ.

ಆಚರಣೆಯ ಭಾಗದಲ್ಲಿ "ಸುನ್ನಿಗಳು ಕೈ ಕಟ್ಟಿ ನಮಾಜು ಮಾಡುತ್ತಾರೆ, ಶಿಯಾಗಳು ಕೈ ಇಳಿಬಿಟ್ಟು ಮಾಡುತ್ತಾರೆ" ಅಂತ ಸುಮ್ನೆ ಬರೆಯುವುದು ಎಲ್ಲ ಪುಸ್ತಕಗಳ ಚಾಳಿ. ಸುನ್ನಿಗಳಲ್ಲೇ ಮಾಲಿಕಿ ಪಂಥದ ಬಹಳ ಜನ ಕೈ ಇಳಿಬಿಟ್ಟೇ ನಿಲ್ಲುತ್ತಾರೆ. ಆದ್ದರಿಂದ "ಹೆಚ್ಚಿನ ಸುನ್ನಿಗಳು" ಅಂತ ತಿದ್ದಿದೆವು. ಒಂದು ಪದ ಸೇರಿದ್ದಕ್ಕೆ ಪಾಠ ನಿಜವಾಯಿತು.

ಮುದ್ರಣಕ್ಕೆ ಮೊದಲು ಒಂದು ತರಗತಿಯಲ್ಲಿ ಪಾಠ ಮಾಡಿಸಿ ಉತ್ತರ ಬರೆಸಿದೆವು. ಪಾಠ ವಾಲಿದೆಯಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಳೆಯ ಪ್ರಶ್ನೆ "ಶಿಯಾಗಳು ಏಕೆ ಬೇರೆಯಾದರು?" ಅಂತ ಇತ್ತು. ಆ ಪ್ರಶ್ನೆಗೆ ತಟಸ್ಥ ಉತ್ತರ ಬರೆಯಲು ಸಾಧ್ಯವೇ ಇಲ್ಲ. ಹೊಸ ಪ್ರಶ್ನೆ: "ಘದೀರ್ ಖುಮ್ ಘಟನೆಯ ಬಗ್ಗೆ ಸುನ್ನಿಗಳೂ ಶಿಯಾಗಳೂ ಒಪ್ಪುವುದೇನು? ಇಬ್ಬರ ತಿಳಿವಳಿಕೆ ಬೇರೆಯಾಗುವುದು ಎಲ್ಲಿ?" ನಾಲ್ಕು ಅಂಕ. ಒಪ್ಪುವ ಭಾಗಕ್ಕೆ ಎರಡು, ಒಬ್ಬೊಬ್ಬರ ತಿಳಿವಳಿಕೆಗೆ ಒಂದೊಂದು. ಉತ್ತರಗಳಲ್ಲಿ ಒಬ್ಬರ ಕಾರಣ ಮೂರು ಸಾಲು, ಇನ್ನೊಬ್ಬರದು ಅರ್ಧ ಸಾಲು ಬಂದರೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಪಾಠದಲ್ಲೇ ಆ ಕಾರಣ ತೆಳ್ಳಗಿದೆ ಅಂತ ಅರ್ಥ. ಯಮನ್ ಹಿನ್ನೆಲೆಯನ್ನು ಬಹಳ ಮಕ್ಕಳು ಬಿಟ್ಟಿದ್ದರು, ಆ ವಾಕ್ಯವನ್ನು ಬಿಡಿಸಿ ಬರೆದೆವು.

ಶಿಕ್ಷಕರ ಕೈಪಿಡಿಗೆ ಎರಡು ಸೂಚನೆ ಹೋಯಿತು. "ಯಾರು ಸರಿ ಸಾರ್?" ಅಂತ ಮಗು ಕೇಳಿದರೆ, ಅದಕ್ಕೆ ಒಬ್ಬೊಬ್ಬರೂ ತಮ್ಮ ನಂಬಿಕೆಯಿಂದಲೇ ಉತ್ತರ ಕಂಡುಕೊಳ್ಳಬೇಕು, ಈ ತರಗತಿಯಲ್ಲಿ ನಾವು ಯಾರು ಏನನ್ನು ಏಕೆ ನಂಬುತ್ತಾರೆ ಅಂತ ಮಾತ್ರ ಕಲಿಯುತ್ತೇವೆ ಅನ್ನಿ. ತರಗತಿಯಲ್ಲಿ ಸುನ್ನಿ ಅಥವಾ ಶಿಯಾ ಮಗು ಇದ್ದರೆ "ನಿಮ್ಮಲ್ಲಿ ಹೇಗೆ ಹೇಳಪ್ಪಾ" ಅಂತ ಎದ್ದು ನಿಲ್ಲಿಸಬೇಡಿ. ಅದಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ಉತ್ತರಪತ್ರಿಕೆಯಲ್ಲಿ ಮಗು ತನ್ನ ನಂಬಿಕೆಯನ್ನು ಬರೆದಿದ್ದರೂ ಎರಡೂ ಕಡೆಯ ತಿಳಿವಳಿಕೆ ಸರಿಯಾಗಿದ್ದರೆ ಪೂರ್ತಿ ನಾಲ್ಕು ಅಂಕ ಕೊಡಿ.