ಮಧ್ಯಾಹ್ನದ ಕೆಂಪು, ಸಂಜೆಯ ಕೆಂಪು: ಎರಡು ಕ್ಯಾಮೆರಾಗಳ ಬಣ್ಣ ಹೊಂದಿಸುವುದು ಹೇಗೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮಧ್ಯಾಹ್ನ 12ಕ್ಕೆ ಸೋನಿ ಕ್ಯಾಮೆರಾದಲ್ಲಿ ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ದಾಖಲಿಸುವ ಎಸ್-ಲಾಗ್3 ವಿಧಾನದಲ್ಲಿ ತೆಗೆದ ಮೆಣಸಿನಕಾಯಿ ರಾಶಿ ಒಂದು ಕಡೆ. ಸಂಜೆ 5ಕ್ಕೆ ಮೊಬೈಲಿನಲ್ಲಿ ತೆಗೆದ ಅದೇ ರಾಶಿ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ ಕಾಯಿಯ ತಳಿಯೇ ಬೇರೆ ಎನ್ನುವಷ್ಟು ವ್ಯತ್ಯಾಸ ಕಾಣುತ್ತದೆ. ಬಣ್ಣಕ್ಕೇ ಹೆಸರಾದ ಕಾಯಿಗೆ ಇದು ಸಣ್ಣ ದೋಷವಲ್ಲ. ವಿಡಿಯೊ ಸಂಕಲನದ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇದನ್ನು ಸರಿಪಡಿಸಬಹುದು.

ಮೊದಲು ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂದು ತೀರ್ಮಾನಿಸಿ. ಚೆಂದ ಕಾಣುವ ಕ್ಲಿಪ್ಪನ್ನೇ ಮಾದರಿ ಮಾಡಿಕೊಳ್ಳುವುದು ಸಾಮಾನ್ಯ ತಪ್ಪು. ಮೊಬೈಲ್ ತನ್ನ ಚಿತ್ರವನ್ನು ಆಗಲೇ ಸಂಸ್ಕರಿಸಿ ಗಟ್ಟಿ ಮಾಡಿಟ್ಟಿರುತ್ತದೆ, ಹೆಚ್ಚು ಎಳೆದರೆ ಒಡೆಯುತ್ತದೆ. ಸೋನಿಯ ಲಾಗ್ ಕ್ಲಿಪ್ ಬಗ್ಗುತ್ತದೆ. ಹಾಗಾಗಿ ಮೊಬೈಲ್ ಕ್ಲಿಪ್ಪನ್ನು ಅದರ ಮಿತಿಯೊಳಗೆ ಸರಿಮಾಡಿ, ಸೋನಿಯನ್ನು ಅದರ ಹತ್ತಿರಕ್ಕೆ ತನ್ನಿ.

ಎರಡನ್ನೂ ಒಂದೇ ಬಣ್ಣದ ವ್ಯಾಪ್ತಿಗೆ ತರದೆ ಬಣ್ಣ ತಿದ್ದುವ ಚಕ್ರಗಳನ್ನು ಮುಟ್ಟಬೇಡಿ. ಸೋನಿ ಕ್ಲಿಪ್ಪಿಗೆ ಎರಡು ನೋಡ್, ಅಂದರೆ ತಿದ್ದುಪಡಿಯ ಎರಡು ಹಂತ, ಮಾಡಿ, ಎರಡನೆಯದಕ್ಕೆ Color Space Transform ಹಾಕಿ. ಒಳಬರುವುದು S-Gamut3.Cine ಮತ್ತು S-Log3, ಹೊರಹೋಗುವುದು Rec.709 ಮತ್ತು Gamma 2.4. ತಿದ್ದುಪಡಿಯೆಲ್ಲ ಮೊದಲ ನೋಡ್‌ನಲ್ಲಿ. ಮೊಬೈಲ್‌ನಲ್ಲಿ ಎಚ್‌ಡಿಆರ್ ಆಫ್ ಇದ್ದರೆ ಈ ಪರಿವರ್ತನೆ ಬೇಡ. ನಂತರ ಬೆಳಕಿನ ಮಟ್ಟ ತೋರಿಸುವ Waveform ನೋಡುತ್ತ ಎರಡರ ನೆರಳು ಒಂದೇ ಎತ್ತರಕ್ಕೆ, ಆಮೇಲೆ ಬೆಳಕಿನ ಭಾಗ ಒಂದೇ ಎತ್ತರಕ್ಕೆ ಬರುವಂತೆ ಮಾಡಿ. ಬೆಳಕು ಹೊಂದದೆ ಬಣ್ಣ ಹೊಂದಿಸಲು ಹೋದರೆ ಕಣ್ಣು ಮೋಸಹೋಗುತ್ತದೆ.

ಈಗ ಬಿಳುಪಿನ ಲೆಕ್ಕ. ಇದಕ್ಕೆ ಚೌಕಟ್ಟಿನೊಳಗೆ ಬಣ್ಣವಿಲ್ಲದ ಒಂದು ವಸ್ತು ಬೇಕು. ಹಿರಿಯರ ಬಿಳಿ ಧೋತರ, ಟೋಪಿಯ ಮೇಲೆ ಕಣ್ಣು ಬೀಳುವುದು ಸಹಜ, ಆದರೆ ಅವು ಬಿಳಿಯಲ್ಲ. ನೀಲಿ ಹಾಕಿ ಒಗೆದ ಬಟ್ಟೆ ನಿಜಕ್ಕೂ ನೀಲಿಯಾಗಿಯೇ ದಾಖಲಾಗುತ್ತದೆ. ಅದನ್ನು ಬಿಳಿ ಎಂದು ನಂಬಿ ತಿದ್ದಿದರೆ ಇಡೀ ಚಿತ್ರ ಹಳದಿಗೆ ಹೊರಳುತ್ತದೆ. ರಾಶಿಯ ಪಕ್ಕ ಕುಳಿತವರ ಮುಖವೂ ಬೇಡ, ಕಾಯಿಯ ಕೆಂಪು ಗಲ್ಲದ ಮೇಲೆ ಪ್ರತಿಫಲಿಸಿರುತ್ತದೆ. ರಾಶಿಯಿಂದ ದೂರದ, ಗುಡಿಸಿದ ಕಾಂಕ್ರೀಟ್ ನೆಲವೇ ಉತ್ತಮ. ಪ್ಲೇಯರ್‌ನ ಮೇಲೆ ಬಲ ಕ್ಲಿಕ್ ಮಾಡಿ Show Picker RGB Value ಆರಿಸಿದರೆ ಕರ್ಸರ್ ಇಟ್ಟಲ್ಲಿನ ಕೆಂಪು, ಹಸಿರು, ನೀಲಿ ಅಂಕಿ ಕಾಣುತ್ತದೆ.

ಸೋನಿಯ ನೆಲ 127, 128, 129 ತೋರಿತು ಎನ್ನಿ, ಬಹುತೇಕ ಬೂದು. ಮೊಬೈಲ್‌ನಲ್ಲಿ ಅದೇ ನೆಲ ಕ್ಲಿಪ್ಪಿನ ಆರಂಭದಲ್ಲಿ 112, 128, 131, ಕೊನೆಗೆ 141, 130, 113. ಒಂದೇ ಕ್ಲಿಪ್ಪಿನಲ್ಲಿ ಹೀಗೇಕೆ? ಚೌಕಟ್ಟಿನ ತುಂಬ ಕೆಂಪೇ ಇದ್ದಾಗ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಬೆಳಕಿನ ಬಣ್ಣ ಎಂದು ತಿಳಿದು ಕೆಂಪನ್ನು ತಗ್ಗಿಸುತ್ತದೆ. ಕ್ಯಾಮೆರಾ ರಸ್ತೆಯ ಕಡೆ ತಿರುಗಿದೊಡನೆ ಸಂಜೆಬಿಸಿಲಿನ ಬಣ್ಣ ಮರಳುತ್ತದೆ. ಒಂದೇ ತಿದ್ದುಪಡಿ ಇದಕ್ಕೆ ಸಾಲದು. ಕೀಫ್ರೇಮ್ ಪಟ್ಟಿಯಲ್ಲಿ ಮೊಬೈಲ್ ಕ್ಲಿಪ್ಪಿನ ನೋಡ್‌ಗೆ Add Dynamic Keyframe ಹಾಕಿ, ಬಣ್ಣ ಬದಲಾಗಲು ಶುರುವಾಗುವ ಫ್ರೇಮ್‌ನಲ್ಲಿ ಒಂದು, ಮುಗಿಯುವಲ್ಲಿ ಇನ್ನೊಂದು ಇಟ್ಟು, ಎರಡೂ ಕಡೆ Temp ಮತ್ತು Tint ಬೇರೆ ಬೇರೆ ಹೊಂದಿಸಿ. ಗುರಿ ಪೂರ್ತಿ ಬೂದು ಆಗಬೇಕಿಲ್ಲ. ಸಂಜೆಯ ಉದ್ದ ನೆರಳು ಹೇಗೂ ಉಳಿಯುವುದರಿಂದ ಒಂದಿಷ್ಟು ಬಿಸುಪು ಉಳಿದರೇ ಸಹಜ. 132, 128, 122 ಸಾಕು. ಸೋನಿಯನ್ನೂ Temp ಸ್ವಲ್ಪ ಏರಿಸಿ ಅಲ್ಲಿಗೇ ತನ್ನಿ.

ನೆಲ ಹೊಂದಿದರೂ ಕಾಯಿ ಹೊಂದದೇ ಇರಬಹುದು, ಏಕೆಂದರೆ ಗಾಢ ಕೆಂಪನ್ನು ಪ್ರತಿ ಕಂಪನಿಯ ಕ್ಯಾಮೆರಾ ತನ್ನದೇ ರೀತಿಯಲ್ಲಿ ತೋರಿಸುತ್ತದೆ. ಬಣ್ಣದ ದಿಕ್ಕು, ಗಾಢತೆ ತೋರಿಸುವ Vectorscope‌ನಲ್ಲಿ ಎರಡೂ ಕ್ಲಿಪ್ಪಿನ ಕೆಂಪು ಬಾಲ ಯಾವ ದಿಕ್ಕಿಗಿದೆ ನೋಡಿ. ಮೊಬೈಲಿನದು ಕಿತ್ತಳೆಯತ್ತ ವಾಲಿದ್ದರೆ Hue vs Hue ರೇಖೆಯಲ್ಲಿ ಕೆಂಪಿನ ಬಿಂದುವನ್ನು ಮಾತ್ರ ಸ್ವಲ್ಪ ಸರಿಸಿ, ಬಾಲದ ಉದ್ದ ಹೆಚ್ಚಿದ್ದರೆ Hue vs Sat‌ನಲ್ಲಿ ತಗ್ಗಿಸಿ. ಪಕ್ಕದ ಕಿತ್ತಳೆ ಬಿಂದುವನ್ನು ಎಳೆದರೆ ಜನರ ಮೈಬಣ್ಣವೂ ಅದರ ಜೊತೆ ಹೋಗುತ್ತದೆ.

ಕೊನೆಗೆ ಕಾಯಿಯ ಮೈಯನ್ನೇ ಹತ್ತಿರದಿಂದ ನೋಡಿ. ಬ್ಯಾಡಗಿ ಕಾಯಿಯ ಗುರುತು ಅದರ ಸುಕ್ಕು. ಸುಕ್ಕಿನ ಏಣಿನಲ್ಲಿ ಹೊಳಪು, ತಗ್ಗಿನಲ್ಲಿ ಕಪ್ಪುಗೆಂಪು ಕಾಣಬೇಕು. ಕಾಯಿ ಪ್ಲಾಸ್ಟಿಕ್ಕಿನಂತೆ ನುಣ್ಣಗೆ ಕಂಡರೆ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ತೋರಿಸುವ Parade ನೋಡಿ: ಕೆಂಪಿನ ಪಟ್ಟಿ 1023ರ ಗೆರೆಗೆ ತಗುಲಿ ಚಪ್ಪಟೆಯಾಗಿರುತ್ತದೆ. ಸೋನಿ ಕ್ಲಿಪ್ ಹೀಗಾಗಿದ್ದರೆ ಮೊದಲ ನೋಡ್‌ನಲ್ಲಿ Offset ಇಳಿಸಿದಾಗ ಸುಕ್ಕು ಬಹುಮಟ್ಟಿಗೆ ಮರಳುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಆಗುವಾಗಲೇ ಹೋಗಿದ್ದರೆ ಅದು ಮರಳುವುದಿಲ್ಲ. ಆ ಶಾಟನ್ನು ದೂರದ ದೃಶ್ಯವಾಗಿ ಬಳಸಿ, ಹತ್ತಿರದ ನೋಟಕ್ಕೆ ಸೋನಿಯದನ್ನೇ ಇಡಿ.