ಸಿಎಸ್‌ಆರ್ ವರದಿಯಿಂದ ಹೋಲಿಕೆ ಪಟ್ಟಿ: ಹಣ ಒಂದು ಕಡೆ, ತಲೆಎಣಿಕೆ ಇನ್ನೊಂದು ಕಡೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸಂಜೆ ತರಗತಿಗಳಿಗೆ ಕಂಪನಿಗಳ ನೆರವು ಕೇಳುವ ಮಾತು ಬಂದಾಗ, ಕಾರ್ಯದರ್ಶಿಗಳು ನನ್ನ ಮುಂದೆ ನಾಲ್ಕು ಕಂಪನಿಗಳ ವಾರ್ಷಿಕ ವರದಿಗಳನ್ನು ಇಟ್ಟರು. ಯಾರು ಯಾವ ಜಿಲ್ಲೆಯಲ್ಲಿ ಶಿಕ್ಷಣಕ್ಕೆ ಎಷ್ಟು ಕೊಡುತ್ತಾರೆ, ತಲಾ ಎಷ್ಟು ಬೀಳುತ್ತದೆ ಎಂಬುದು ಅವರಿಗೆ ಒಂದೇ ಹಾಳೆಯಲ್ಲಿ ಬೇಕಿತ್ತು. ಲೆಕ್ಕಪತ್ರವೇ ನನ್ನ ಕಸುಬು. ಒಂದು ಸಂಜೆಯ ಕೆಲಸವೆಂದುಕೊಂಡೆ, ಮೂರು ಸಂಜೆ ಹಿಡಿಯಿತು.

ಬೇಕಾದ ಅಂಕಿಗಳೆಲ್ಲ ಒಂದೇ ಕಡೆ ಇರುವುದಿಲ್ಲ. ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ನಿರ್ದೇಶಕ ಮಂಡಳಿಯ ವರದಿಗೆ ಲಗತ್ತಿಸುವ ಅದರ ಅನುಬಂಧದಲ್ಲಿ 2021ರ ನಮೂನೆಯಂತೆ ಪ್ರತಿ ಯೋಜನೆಯ ಹೆಸರು, ಜಿಲ್ಲೆ, ಖರ್ಚು ಸಾಲುಸಾಲಾಗಿ ಇರುತ್ತಿದ್ದವು. 2022ರ ಸೆಪ್ಟೆಂಬರ್ ತಿದ್ದುಪಡಿಯ ಬಳಿಕ ಆ ಪಟ್ಟಿ ಹೋಗಿ, ಒಟ್ಟು ಮೊತ್ತಗಳಷ್ಟೇ ಉಳಿದವು. ಈಗ ಯೋಜನಾವಾರು ವಿವರ ಬೇಕಿದ್ದರೆ ಕಂಪನಿ ತಾನಾಗಿ ಪ್ರಕಟಿಸಿದ ಸಿಎಸ್‌ಆರ್ ಪುಸ್ತಿಕೆಯನ್ನು ಹುಡುಕಬೇಕು. ಫಲಾನುಭವಿಗಳ ಸಂಖ್ಯೆ ಈ ಅನುಬಂಧದ ಯಾವ ನಮೂನೆಯಲ್ಲೂ ಇರಲಿಲ್ಲ. ಷೇರುಪೇಟೆಯ ದೊಡ್ಡ ಕಂಪನಿಗಳಾದರೆ ಬಿಆರ್‌ಎಸ್‌ಆರ್ ಎಂಬ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿಯ ಎಂಟನೇ ತತ್ವದಡಿ ಅದು ಸಿಗಬಹುದು. ಆದರೆ ಆ ಪ್ರಶ್ನೆಗೆ ಉತ್ತರಿಸುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು.

ಹಾಗಾಗಿ ಮೊದಲು ಹಾಳೆಯ ಕಂಬಸಾಲುಗಳನ್ನು ಗೊತ್ತು ಮಾಡಿಕೊಳ್ಳಿ: A ಕಂಪನಿ, B ವರ್ಷ, C ಯೋಜನೆ, D ಜಿಲ್ಲೆ, E ಖರ್ಚು (ಲಕ್ಷ ರೂಪಾಯಿಗಳಲ್ಲಿ), F ಫಲಾನುಭವಿಗಳು, G ಯಾರನ್ನು ಎಣಿಸಿದ್ದಾರೆ, H ಪುಟ ಸಂಖ್ಯೆ. ಕೊನೆಯ ಎರಡನ್ನು ಬಿಡುವ ಆಸೆಯಾಗುತ್ತದೆ, ಬಿಡಬೇಡಿ.

ಯೋಜನೆಗಳ ಪಟ್ಟಿಯನ್ನು ನಕಲು ಮಾಡಿ ಅಂಟಿಸಿದರೆ ಎಲ್ಲವೂ ಒಂದೇ ಕಂಬದಲ್ಲಿ ರಾಶಿ ಬೀಳುತ್ತದೆ. ವಿಂಡೋಸ್‌ನ ಹೊಸ ಎಕ್ಸೆಲ್‌ನಲ್ಲಿ Data → Get Data → From File → From PDF ಒತ್ತಿ, ಬೇಕಾದ ಕೋಷ್ಟಕವನ್ನು ಆರಿಸಿಕೊಳ್ಳಿ. ಸ್ಕ್ಯಾನ್ ಮಾಡಿದ ವರದಿಯಾದರೆ ಇದು ನಡೆಯದು, ಕೈಯಿಂದಲೇ ತುಂಬಬೇಕು. ‘ಮಂಜೂರಾದ ಮೊತ್ತ’ ಮತ್ತು ‘ಖರ್ಚಾದ ಮೊತ್ತ’ ಅಕ್ಕಪಕ್ಕದಲ್ಲೇ ಇರುತ್ತವೆ. ನಮಗೆ ಬೇಕಾದದ್ದು ಎರಡನೆಯದು. ಅಂಕಿ ಕೋಟಿಯಲ್ಲಿದೆಯೋ ಲಕ್ಷದಲ್ಲಿದೆಯೋ ಎಂಬುದು ಸಾಮಾನ್ಯವಾಗಿ ಕೋಷ್ಟಕದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ.

ತುಂಬಿದ ಮೇಲೆ ತಾಳೆ ನೋಡಬೇಕು. ನಮ್ಮ ಪಟ್ಟಿಯ ಮೊದಲ ಕಂಪನಿಯ ಸಾಲುಗಳನ್ನು ಕೂಡಿದಾಗ 398 ಲಕ್ಷ ಬಂತು. ಅನುಬಂಧದಲ್ಲಿದ್ದ ಒಟ್ಟು ಖರ್ಚು 428 ಲಕ್ಷ. ಮೂವತ್ತು ಲಕ್ಷ ಎಲ್ಲಿ ಹೋಯಿತೆಂದು ತಡಕಾಡಿದೆ. ತಾಳೆ ನೋಡಬೇಕಾದ ಸಾಲೇ ಬೇರೆಯಾಗಿತ್ತು: 428ರಲ್ಲಿ 18 ಲಕ್ಷ ಆಡಳಿತ ವೆಚ್ಚ, ಯೋಜನೆಗಳಿಗೆ ಹೋದದ್ದು 410 ಲಕ್ಷ. ಉಳಿದ 12 ಲಕ್ಷದ ವ್ಯತ್ಯಾಸ ಮಾತ್ರ ನಿಜವಾದ ತಪ್ಪು. ಪುಟ ಮುಗಿಯುವಲ್ಲಿ ಒಂದು ಸಾಲು ಒಡೆದು, ಹೆಸರು ಒಂದು ಪುಟದಲ್ಲೂ ಮೊತ್ತ ಮುಂದಿನ ಪುಟದಲ್ಲೂ ಉಳಿದಿತ್ತು. ಮುಂದಿನ ಪುಟದ ಅರ್ಧ ಸಾಲನ್ನು ನಾನೇ ಕಸವೆಂದು ಅಳಿಸಿದ್ದೆ.

ಇನ್ನು ತಲೆಎಣಿಕೆ. ಹಣದ ಪಟ್ಟಿಯಲ್ಲಿ ‘ಡಿಜಿಟಲ್ ತರಗತಿ, ಪಾಲ್ಘರ್’ ಎಂದಿದ್ದದ್ದು ಬಿಆರ್‌ಎಸ್‌ಆರ್‌ನಲ್ಲಿ ‘ಗ್ರಾಮೀಣ ಶಿಕ್ಷಣ ಕಾರ್ಯಕ್ರಮ’ ಆಗಿತ್ತು. ಹೆಸರಿನ ಮೇಲೆ VLOOKUP ಹಾಕಿದರೆ ಇಂಥವು ಕೂಡಿಕೊಳ್ಳುವುದಿಲ್ಲ. ಜಿಲ್ಲೆ ಮತ್ತು ಅನುಷ್ಠಾನ ಸಂಸ್ಥೆಯ ಹೆಸರು ಹಿಡಿದು ಕಣ್ಣಿನಿಂದಲೇ ಜೋಡಿಸಬೇಕು. ಈ ಯೋಜನೆಯ ಖರ್ಚು 48 ಲಕ್ಷ, ಫಲಾನುಭವಿಗಳು 12,400. ತಲಾ ಖರ್ಚಿಗೆ ಈ ಸೂತ್ರ:

```
=IF(F2="","",E2*100000/F2)
```

ಬಂದದ್ದು 387 ರೂಪಾಯಿ. ವರ್ಷವಿಡೀ ಒಂದು ಮಗುವಿಗೆ ಕಂಪ್ಯೂಟರ್, ಶಿಕ್ಷಕ, ವಿದ್ಯುತ್ ಎಲ್ಲ ಸೇರಿ 387 ರೂಪಾಯಿಯೇ? ಅನುಮಾನದಿಂದ ಪುಸ್ತಿಕೆಯನ್ನು ಮತ್ತೆ ತಿರುವಿದಾಗ ಒಂದು ಛಾಯಾಚಿತ್ರದ ಕೆಳಗೆ ಉತ್ತರ ಸಿಕ್ಕಿತು: 12,400 ಎಂಬುದು ಯೋಜನೆ ಶುರುವಾದಾಗಿನಿಂದ ಇಲ್ಲಿಯವರೆಗಿನ ಒಟ್ಟು, ಆ ವರ್ಷದ ಮಕ್ಕಳು 3,100. ಹಣ ಒಂದು ವರ್ಷದ್ದು, ಮಕ್ಕಳು ಹಲವು ವರ್ಷಗಳವರು. ಸರಿಪಡಿಸಿದಾಗ ತಲಾ 1,548 ರೂಪಾಯಿ ಆಯಿತು. G ಕಂಬದಲ್ಲಿ ‘ವಿದ್ಯಾರ್ಥಿಗಳು, ಈ ವರ್ಷ’ ಎಂದು ಬರೆದೆ.

ಎರಡನೇ ಕಂಪನಿ ಕೊಳವೆಬಾವಿ ಯೋಜನೆಯಲ್ಲಿ ಇಡೀ ಊರಿನ ಜನಸಂಖ್ಯೆಯನ್ನೇ ಫಲಾನುಭವಿಗಳೆಂದು ಕೊಟ್ಟಿತ್ತು. ಅದು ಸುಳ್ಳಲ್ಲ, ಆದರೆ ತರಗತಿಯ ಮಕ್ಕಳ ಪಕ್ಕದಲ್ಲಿಟ್ಟು ತೂಗುವ ಅಂಕಿಯೂ ಅಲ್ಲ. G ಕಂಬ ಹೊಂದುವ ಸಾಲುಗಳನ್ನಷ್ಟೇ ಶೋಧಿಸಿ ಹೋಲಿಸಿ.

ಮೂರನೆಯ ಕಂಪನಿ ಸಂಖ್ಯೆಯನ್ನೇ ಕೊಟ್ಟಿರಲಿಲ್ಲ. ಅಲ್ಲಿ ಸೊನ್ನೆ ಹಾಕಬೇಡಿ, ಕೋಶ ಖಾಲಿಯೇ ಇರಲಿ. ನಮ್ಮ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಆ ಖಾಲಿ ಜಾಗ ತೋರಿಸಿ, “ಇಲ್ಲಿ ಬರೆಯಲು ಮರೆತಿರಾ?” ಎಂದು ಕೇಳಿದರು. H ಕಂಬ ನೋಡಿ ಆ ಪುಟವನ್ನೇ ತೆರೆದು ಅವರ ಮುಂದಿಟ್ಟೆ.